ಗ್ರಾಹಕರ ಚಾಟ್ ಸಂದೇಶಗಳನ್ನು ಸಹಾಯ ಸಿಬ್ಬಂದಿಗೆ ಹಂಚುವಾಗ ಮೊದಲು ನೋಡಬೇಕಾದದ್ದು ಭಾಷೆಯೋ, ಪರಿಣತಿಯೋ, ಸರದಿಯೋ?

ಸರದಿಯ ಉದ್ದವನ್ನಷ್ಟೇ ನೋಡಿ ಹಂಚಿದರೆ ಮೊದಲ ಉತ್ತರ ಬೇಗ ಸಿಗುತ್ತದೆ. ಆದರೆ "ರೀಫಂಡ್ ಬಂದಿಲ್ಲ" ಎಂದು ಕನ್ನಡದಲ್ಲಿ ಬರೆದವರು ಕನ್ನಡ ಬಾರದ ಸಿಬ್ಬಂದಿಯ ಕೈಗೆ ಸಿಕ್ಕಿ, ಮತ್ತೊಂದು ಸರದಿಯ ಕೊನೆಯಲ್ಲಿ ನಿಲ್ಲಬೇಕಾಗಬಹುದು. ಭಾಷೆ, ಪರಿಣತಿ ಎರಡನ್ನೂ ಕಡ್ಡಾಯ ಮಾಡಿದರೆ ಈ ಅಲೆದಾಟ ತಪ್ಪುತ್ತದೆ, ಆದರೆ 10 ಜನರಲ್ಲಿ 4 ಮಂದಿಗೆ ಕನ್ನಡ, 3 ಮಂದಿಗೆ ಪಾವತಿಯ ವಿಷಯ ಗೊತ್ತಿದ್ದು ಎರಡನ್ನೂ ಬಲ್ಲವರು ಒಬ್ಬರೇ ಇದ್ದರೆ, ಅವರು ಊಟಕ್ಕೆ ಎದ್ದಾಗ ಉಳಿದ 9 ಮಂದಿ ಬಿಡುವಾಗಿದ್ದರೂ ಸಂದೇಶ ಕಾಯುತ್ತಲೇ ಇರುತ್ತದೆ. ಇಂಥ ಸಣ್ಣ ತಂಡಕ್ಕೆ ನನ್ನ ಆಯ್ಕೆ, ಭಾಷೆಯನ್ನು ಕಡ್ಡಾಯವಾಗಿಟ್ಟು, 60 ಸೆಕೆಂಡ್ ಕಳೆದ ಮೇಲೆ ಪರಿಣತಿಯ ಷರತ್ತನ್ನು ಸಡಿಲಿಸಿ, ಕಡಿಮೆ ಚಾಟ್ ಕೈಯಲ್ಲಿರುವವರಿಗೆ ಕೊಡುವ ಕ್ರಮ. ಪಾವತಿಯ ವಿವರವನ್ನು ಸಹೋದ್ಯೋಗಿಯನ್ನು ಕೇಳಿ ಹೇಳಬಹುದು, ಭಾಷೆಯನ್ನು ಹಾಗೆ ಎರವಲು ತರಲಾಗದು. ಭಾಷೆಯನ್ನು ಮಾತ್ರ ಬ್ರೌಸರ್ ನೋಡಿ ಊಹಿಸದೆ, ಚಾಟ್ ತೆರೆಯುವಾಗಲೇ ಗ್ರಾಹಕರನ್ನು ಕೇಳಿಬಿಡಿ, ಏಕೆಂದರೆ ಕನ್ನಡದಲ್ಲೇ ಬರೆಯುವ ಅನೇಕರ ಬ್ರೌಸರ್ ತನ್ನ ಭಾಷೆ `en-IN`, ಅಂದರೆ ಭಾರತದ ಇಂಗ್ಲಿಷ್, ಎಂದೇ ತಿಳಿಸುತ್ತದೆ.