ತಾಮ್ರದ ಪೈಪು, ಜಿಐ ಪೈಪು: ನಡುವೆ ಯಾವ ಫಿಟ್ಟಿಂಗ್ ಹಾಕಬೇಕು?

ತಾಮ್ರದ ಪೈಪನ್ನು ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಉಕ್ಕಿನ ಪೈಪಿಗೆ, ನೇರವಾಗಿ ಜೋಡಿಸಿದರೆ ಕೆಡುವುದು ತಾಮ್ರ ಅಲ್ಲ, ಜಿಐ. ಎರಡು ಲೋಹ ಒಂದಕ್ಕೊಂದು ತಾಗಿಕೊಂಡು ಒಂದೇ ನೀರಲ್ಲಿ ನೆನೆದಿದ್ದರೆ ಸಣ್ಣ ಬ್ಯಾಟರಿ ಆದ ಹಾಗೆಯೇ. ಮೊದಲು ಸತುವಿನ ಲೇಪ ಕರಗುತ್ತದೆ, ಆಮೇಲೆ ಉಕ್ಕಿನ ಸರದಿ. ಥ್ರೆಡ್ ಕೊರೆದ ಜಾಗದಲ್ಲಿ ಗೋಡೆ ತೆಳ್ಳಗಿರುತ್ತದೆ, ಕೊರೆಯುವಾಗ ಸತುವೂ ಹೋಗಿರುತ್ತದೆ. ಹಾಗಾಗಿ ಸೂಜಿಮೊನೆಯಷ್ಟು ತೂತು ಹೆಚ್ಚಾಗಿ ಅಲ್ಲೇ ಬೀಳುತ್ತದೆ. ಫಿಟ್ಟಿಂಗಿನ ಅಂಚಿನಲ್ಲಿ, ಕೊನೆಯ ಥ್ರೆಡ್ಡಿನ ಹತ್ತಿರ ಕಂದು ಬಣ್ಣದ ಗಂಟು ಕಂಡರೆ ಅದನ್ನು ಕೆರೆಯುವ ಮೊದಲು ನೀರು ಬಂದ್ ಮಾಡಿ. ಎಷ್ಟೋ ಸಲ ಆ ತುಕ್ಕೇ ತೂತಿಗೆ ಬಿರಡೆಯಾಗಿರುತ್ತದೆ.

ಟೆಫ್ಲಾನ್ ಟೇಪ್ ಸುತ್ತಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಬಿಗಿ ಮಾಡುವಾಗ ಥ್ರೆಡ್ಡಿನ ತುದಿಗಳು ಟೇಪನ್ನು ಸೀಳಿ ಲೋಹಕ್ಕೆ ಲೋಹ ತಾಗಿಯೇ ತಾಗುತ್ತದೆ.

ಗೀಸರಿನ ಲೈನಿನಲ್ಲಿ ನಾನು ಮೂರು ಬಗೆ ಹಾಕಿ ನೋಡಿದ್ದೇನೆ.

ಮೊದಲು ಡೈಎಲೆಕ್ಟ್ರಿಕ್ ಯೂನಿಯನ್. ಒಂದು ಕಡೆ ಉಕ್ಕು, ಇನ್ನೊಂದು ಕಡೆ ತಾಮ್ರ ಅಥವಾ ಹಿತ್ತಾಳೆ, ನಡುವೆ ರಬ್ಬರ್ ಗ್ಯಾಸ್ಕೆಟ್, ನಟ್ಟಿನೊಳಗೆ ಪ್ಲಾಸ್ಟಿಕ್ ತೋಳು. ತಾಮ್ರಕ್ಕೆ ಬೆಸುಗೆ ಹಾಕುವಾಗ ಗ್ಯಾಸ್ಕೆಟ್ಟನ್ನೂ ತೋಳನ್ನೂ ತೆಗೆದು ದೂರ ಇಡಬೇಕು. ಇಲ್ಲದಿದ್ದರೆ ಬಿಸಿಗೆ ಕರಗುತ್ತವೆ, ಕಟ್ಟಿದ ಮೇಲೆ ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಬಿಡಿಯಾಗಿ, ಒಣಗಿರುವಾಗ ಮಲ್ಟಿಮೀಟರ್ ಇಟ್ಟರೆ ಎರಡು ಕಡೆಗೂ ಸಂಪರ್ಕ ಇರಲಿಲ್ಲ. ಲೈನಿಗೆ ಸೇರಿಸಿ, ಇನ್ನೂ ನೀರು ಬಿಡದೆ ಅಳೆದೆ. ಓಮ್ ಸೊನ್ನೆಯ ಹತ್ತಿರ!

ಯೂನಿಯನ್ ಕೆಟ್ಟಿರಲಿಲ್ಲ. ಬಿಸಿನೀರಿನ ತಾಮ್ರದ ಪೈಪು ಮಿಕ್ಸರ್ ನಲ್ಲಿಗೆ ಹೋಗುತ್ತದೆ. ತಣ್ಣೀರಿನ ಲೋಹದ ಪೈಪೂ ಅದೇ ನಲ್ಲಿಗೆ ಬರುತ್ತದೆ, ಅದರ ಇನ್ನೊಂದು ಕವಲು ಗೀಸರಿಗೆ ಹೋಗುತ್ತದೆ. ಅಂದರೆ ನಾನು ಯೂನಿಯನ್ನಿನಲ್ಲಿ ಕಡಿದ ದಾರಿ ನಲ್ಲಿಯ ಮೈಯಿಂದ ಸುತ್ತಿಬಂದು ಮತ್ತೆ ಕೂಡಿಕೊಂಡಿತ್ತು. ಅರ್ಥಿಂಗ್ ತಂತಿಯಿಂದಲೂ ಹೀಗೇ ಆಗುತ್ತದೆ. ಮೀಟರ್ ಸರಿ ತೋರಿಸಲಿ ಅಂತ ಅರ್ಥಿಂಗ್ ಕಿತ್ತುಹಾಕುವುದು ಮಾತ್ರ ಬೇಡ, ಅದು ಜೀವದ ಪ್ರಶ್ನೆ. ಆಮೇಲೆ ಯೂನಿಯನ್ ಬಿಚ್ಚಿದಾಗ ಉಕ್ಕಿನ ಕಡೆ ಬಾಯಿಯ ಸುತ್ತ ತುಕ್ಕು ಬೆಳೆದು ದಾರಿ ಕಿರಿದಾಗಿತ್ತು, ಗ್ಯಾಸ್ಕೆಟ್ ಗಟ್ಟಿಯಾಗಿತ್ತು. ಒಳಗೆ ಎರಡು ಲೋಹಕ್ಕೆ ಗ್ಯಾಸ್ಕೆಟ್ಟಿನ ದಪ್ಪದಷ್ಟೇ ಅಂತರ ಇರುವುದರಿಂದ, ಹೊರಗೆ ಸಂಪರ್ಕ ಕೂಡಿಕೊಂಡರೆ ಸವೆತ ಮತ್ತೆ ಶುರು.

ಎರಡನೆಯದು ಪ್ಲಾಸ್ಟಿಕ್ ಒಳಪದರದ ಉಕ್ಕಿನ ನಿಪ್ಪಲ್, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪಿನ ತುಂಡು. ಇದು ಲೋಹದ ಸಂಪರ್ಕ ಕಡಿಯುವುದೇ ಇಲ್ಲ. ಮೀಟರ್ ಇಟ್ಟರೆ ಸೊನ್ನೆಯೇ ಬರುತ್ತದೆ, ಅದು ತಪ್ಪಲ್ಲ. ಇದರ ಉಪಾಯ ಬೇರೆ. ತಾಮ್ರದ ಹತ್ತಿರದ ಉಕ್ಕಿಗೆ ನೀರು ತಾಗದಂತೆ ಪದರ ಮುಚ್ಚಿಡುತ್ತದೆ. ಬರಿ ಉಕ್ಕಿಗೂ ತಾಮ್ರಕ್ಕೂ ನೀರಿನ ಮೂಲಕ ದಾರಿ ಉದ್ದವಾಗುತ್ತದೆ. ನೀರು ಲೋಹದಷ್ಟು ಚೆನ್ನಾಗಿ ಕರೆಂಟ್ ಹರಿಸುವುದಿಲ್ಲವಲ್ಲ, ದೂರ ಜಾಸ್ತಿಯಾದಷ್ಟೂ ಸವೆತ ಕಡಿಮೆ. ಸಂಪರ್ಕ ಎಲ್ಲಿಂದ ಸುತ್ತಿಬಂದರೂ ಇದು ಕೆಲಸ ಮಾಡುತ್ತದೆ. ಒಂದೇ ಷರತ್ತು, ಇದನ್ನು ಕತ್ತರಿಸಿ ಹೊಸ ಥ್ರೆಡ್ ಹಾಕುವ ಹಾಗಿಲ್ಲ. ಹಾಕಿದರೆ ತುದಿಯಲ್ಲಿ ಪದರ ಕಿತ್ತು ಉಕ್ಕು ಬಯಲಾಗುತ್ತದೆ. ಗೀಸರಿನ ಬಾಯಿಗೆ ಈಗ ನಾನು ಇದನ್ನೇ ಹಾಕುವುದು.

ಮೂರನೆಯದು ಹಿತ್ತಾಳೆ ನಿಪ್ಪಲ್, ಸುಮಾರು 6 ಇಂಚಿನದು. ಇದೂ ಕರೆಂಟ್ ತಡೆಯುವುದಿಲ್ಲ, ದೂರವನ್ನಷ್ಟೇ ಕೊಡುತ್ತದೆ. ಹಿತ್ತಾಳೆಗೂ ಉಕ್ಕಿಗೂ ಕೂಡುವ ಕಡೆ ಸವೆತ ಇದ್ದೇ ಇದೆ, ಆದರೆ ನಿಧಾನ. ಗ್ಯಾಸ್ಕೆಟ್ ಇಲ್ಲ, ಕರಗುವ ಭಾಗ ಇಲ್ಲ. ಕೈಗೆ ಸಿಗುವ ತಣ್ಣೀರಿನ ಲೈನಿಗೆ ಇಷ್ಟು ಸಾಕು ಅಂತ ನನ್ನ ಅನಿಸಿಕೆ. ಕೆಲವು ನೀರಿನಲ್ಲಿ ಹಿತ್ತಾಳೆಯ ಸತುವೇ ಕರಗಿ, ಉಳಿದದ್ದು ಕೆಂಪಾಗಿ ಪೊಳ್ಳಾಗುತ್ತದೆ. ಅಂಥ ಕಡೆ ಗನ್‌ಮೆಟಲ್ ಒಳ್ಳೆಯದು.

ಈ ಮೂರರಲ್ಲಿ ಯಾವುದೂ ಸರಿಮಾಡದ ತೊಂದರೆ ಒಂದಿದೆ. ನೀರು ಮೊದಲು ತಾಮ್ರದಲ್ಲಿ ಹರಿದು ಆಮೇಲೆ ಜಿಐಗೆ ಹೋದರೆ, ನೀರಿನಲ್ಲಿ ಕರಗಿದ ಚೂರುಪಾರು ತಾಮ್ರ ಮುಂದೆ ಸತುವಿನ ಮೇಲೆ ಕೂರುತ್ತದೆ. ಕೂತ ಜಾಗದಲ್ಲೆಲ್ಲ ಗುಳಿ ಬೀಳುತ್ತದೆ, ಜೋಡಣೆಯಿಂದ ಎಷ್ಟೋ ದೂರದಲ್ಲೂ ತೂತಾಗುತ್ತದೆ. ಜೋಡಣೆ ಬಿಟ್ಟು ನಟ್ಟನಡುವೆ ಪೈಪು ಜಿನುಗುತ್ತಿದ್ದರೆ ಫಿಟ್ಟಿಂಗ್ ಬದಲಿಸುವ ಮೊದಲು ನೀರು ಯಾವ ಕಡೆಯಿಂದ ಬರುತ್ತಿದೆ ನೋಡಿ. ತಾಮ್ರ ಮೊದಲು ಬಂದಿದ್ದರೆ, ಅದರಿಂದ ಮುಂದಿರುವ ಜಿಐಯನ್ನೇ ತೆಗೆದುಹಾಕಬೇಕು.