ಹೆಸರಿನ ಪಕ್ಕದ ‘ವಂಚನೆ’ ತೆಗೆಸಿಕೊಡುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ

ಗೂಗಲ್‌ನಲ್ಲಿ ನಿಮ್ಮ ಹೆಸರು ಟೈಪ್ ಮಾಡುತ್ತಿದ್ದ ಹಾಗೆ ಕೆಳಗೆ ಕೆಟ್ಟ ಪದವೊಂದು ತಾನಾಗಿ ಸೇರಿಕೊಂಡು ಬರುತ್ತಿದೆಯಾ? ಅದನ್ನು ತೆಗೆಸಿಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಇದನ್ನು ಓದಿ. ನಮ್ಮ ಭಾವ 30 ಸಾವಿರ ಕಳೆದುಕೊಂಡಿದ್ದಾರೆ.

ಭಾವನಿಗೆ ಬದಿಯಡ್ಕದ ಹತ್ತಿರ ಅಡಿಕೆ ವ್ಯಾಪಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಹುಡುಕಿ ನೋಡುತ್ತೀರಿ, ಅದೇ ಬೇಡ. ಅದೇ ಹೆಸರಿನ ಬೇರೊಬ್ಬ ಚಿಟ್ಟಿ ವಂಚನೆಯಲ್ಲಿ ಸಿಕ್ಕಿಬಿದ್ದ, ಪೇಪರಿನಲ್ಲಿ ಬಂತು, ಜನ ಹೆಸರಿನ ಜೊತೆ ‘ವಂಚನೆ’ ಸೇರಿಸಿ ಹುಡುಕಿದರು. ನಮ್ಮ ಕಡೆ ಒಂದೇ ಹೆಸರಿನವರು ಊರು ತುಂಬ ಇರುತ್ತಾರೆ, ಮನೆಹೆಸರು ಸೇರಿಸಿ ಗುರುತು ಹಿಡಿಯುತ್ತೇವೆ. ಗೂಗಲ್‌ಗೆ ಆ ಲೆಕ್ಕ ಇಲ್ಲ. ಜನ ಏನೇನು ಹುಡುಕಿದ್ದಾರೆ ಎಂಬುದರ ಮೇಲೆ ಅದರ ಸಲಹೆಗಳು ನಿಂತಿವೆ. ಯಾರ ಬಗ್ಗೆ ಹುಡುಕಿದರು ಎಂದು ಅದು ಬಿಡಿಸಿ ನೋಡುವುದಿಲ್ಲ.

ಏಜೆನ್ಸಿಯವನು ಅಂಗಡಿಗೇ ಬಂದ. ಭಾವನ ಫೋನ್ ಇಸ್ಕೊಂಡು ಹೆಸರು ಟೈಪ್ ಮಾಡಿದ. ಕೆಳಗೆ ‘ವಂಚನೆ’ ಬಂತು. ಅದರ ಮೇಲೆ ಬೆರಳು ಒತ್ತಿ ಹಿಡಿದು ಏನೋ ಮಾಡಿದ, ಪದ ಮಾಯ. “ನೋಡಿ ಸಾರ್, ಇದು ಸ್ಯಾಂಪಲ್. ಪೂರ್ತಿ ತೆಗೆಸಲು ಕೋರ್ಟ್ ಲೆವೆಲ್ ಕೆಲಸ ಆಗಬೇಕು” ಎಂದ. ಭಾವ ಅಲ್ಲೇ ಯುಪಿಐ ಮಾಡಿದರು.

ಸಂಜೆ ನನ್ನ ಫೋನಿನಲ್ಲಿ ನೋಡಿದರೆ ಪದ ಅಲ್ಲೇ ಇತ್ತು. ಅವನು ಅಳಿಸಿದ್ದು ಭಾವನ ಸ್ವಂತ ಹುಡುಕಾಟದ ಹಿಸ್ಟರಿಯನ್ನು. ಸಲಹೆಯ ಎಡಕ್ಕೆ ಗಡಿಯಾರದ ಗುರುತಿದ್ದರೆ ಅದು ನೀವೇ ಹಿಂದೆ ಹುಡುಕಿದ್ದು. ಅದನ್ನು ಅಳಿಸಿದರೆ ನಿಮಗೆ ಮಾತ್ರ ಕಾಣುವುದಿಲ್ಲ, ಊರಿಗೆಲ್ಲ ಕಾಣುತ್ತದೆ. ನಿಜಸ್ಥಿತಿ ನೋಡಬೇಕಾದರೆ ಇನ್‌ಕಾಗ್ನಿಟೊ ವಿಂಡೋ ತೆರೆದು, ಹೆಸರು ಬರೆದು, ಒಂದು ಸ್ಪೇಸ್ ಕೊಟ್ಟು ಸುಮ್ನೆ ಕಾಯಿರಿ. ಎಂಟರ್ ಒತ್ತಬೇಡಿ. ಮನೆಮಂದಿಯೆಲ್ಲ ಆ ಪದ ಸೇರಿಸಿ ಹುಡುಕುತ್ತಾ ಕೂತರೆ ಅದೂ ಹುಡುಕಾಟವೇ ಅಲ್ವಾ?

ಆಮೇಲೆ ಅವರು ಮಾಡಿದ್ದು ಇನ್ನೂ ಕೆಟ್ಟದ್ದು. ‘ಭಾವನ ಹೆಸರು, ವಂಚನೆ ಆರೋಪ ಸುಳ್ಳು’ ಎಂಬ ತಲೆಬರಹದಲ್ಲಿ ಎಲ್ಲೆಲ್ಲೋ ಲೇಖನ ಹಾಕಿಸಿದರು. ಅಲ್ಲಿಯವರೆಗೆ ಭಾವನನ್ನೂ ಆ ಪದವನ್ನೂ ಜೋಡಿಸಿದ ಒಂದೇ ಒಂದು ಪುಟ ಇರಲಿಲ್ಲ. ಈಗ ಇದೆ. ಬಾಡಿಗೆ ಜನರಿಂದ ‘ಸಮಾಜಸೇವೆ’ ಸೇರಿಸಿ ಹುಡುಕಿಸಿದರು. ಅದು ಕೆಲವು ದಿನ ಕಂಡಿತು, ಹುಡುಕುವುದು ನಿಂತ ಮೇಲೆ ಹೋಯಿತು. ಕೇಳಿದರೆ ಇನ್ನೊಂದು ಕಂತು ಬೇಕು ಎಂದರು.

“ಜರ್ಮನಿಯಲ್ಲಿ ಕೋರ್ಟ್ ತೀರ್ಪೇ ಇದೆ” ಎಂದೂ ಹೆದರಿಸುವ ದನಿಯಲ್ಲಿ ಹೇಳಿದ್ದರು. ತೀರ್ಪು ಇರುವುದು ನಿಜ. ಒಬ್ಬ ಉದ್ಯಮಿಯ ಹೆಸರಿಗೆ ‘ವಂಚನೆ’ ಎಂಬರ್ಥದ ಜರ್ಮನ್ ಪದ ಅಂಟಿಕೊಂಡ ಮೊಕದ್ದಮೆಯಲ್ಲಿ 2013ರ ಮೇ 14ರಂದು ಅಲ್ಲಿನ ಉನ್ನತ ನ್ಯಾಯಾಲಯ ಹೇಳಿದ್ದು ಇಷ್ಟು: ಗೂಗಲ್ ಪ್ರತಿ ಸಲಹೆಯನ್ನೂ ಮೊದಲೇ ಪರೀಕ್ಷಿಸಬೇಕಿಲ್ಲ, ಆದರೆ ತೊಂದರೆಯಾಗಿದೆ ಎಂದು ತಿಳಿಸಿದ ಮೇಲೆ ಹೊಣೆ ಅದರದ್ದು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಕೂಡ ಮೊದಲ ಹೆಜ್ಜೆ ಗೂಗಲ್‌ಗೆ ತಿಳಿಸುವುದೇ. ಆ ಕೆಲಸ ಪುಕ್ಕಟೆ.

ಮಾಡುವುದು ಹೀಗೆ. ಕಂಪ್ಯೂಟರಿನಲ್ಲಿ ಸಲಹೆಗಳ ಪಟ್ಟಿಯ ಕೆಳಗೆ Report inappropriate predictions ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಒತ್ತಿದರೆ ಯಾವ ಸಲಹೆ ಎಂದು ಗುರುತು ಹಾಕಬಹುದು. ಹೆಸರಿರುವ ವ್ಯಕ್ತಿಗೆ ಅವಹೇಳನಕಾರಿ ಪದ ಅಂಟಿಸುವ ಸಲಹೆಗಳನ್ನು ತೆಗೆಯುವುದು ಗೂಗಲ್‌ನದೇ ನಿಯಮ. ಉತ್ತರ ಬರಲಿಲ್ಲ ಎಂದು ಬೇಸರ ಬೇಡ, ಆ ದಾರಿಯಲ್ಲಿ ಉತ್ತರ ಬರುವುದಿಲ್ಲ. ಕೆಲಸ ಆಗದಿದ್ದರೆ ಕಾನೂನು ಕಾರಣಕ್ಕೆ ತೆಗೆಸುವ ಗೂಗಲ್‌ನ ಫಾರ್ಮ್ ಇದೆ. ಅದರಲ್ಲಿ ನೀವು ಟೈಪ್ ಮಾಡಿದ್ದೇನು, ಬಂದ ಸಲಹೆ ಏನು ಎಂದು ಅಕ್ಷರ ತಪ್ಪದೆ ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕಾಸರಗೋಡಿನವರಿಗೆ ಇಲ್ಲೊಂದು ಹೆಚ್ಚಿನ ಕೆಲಸ. ನಮ್ಮ ಹೆಸರನ್ನು ಜನ ಮೂರು ಭಾಷೆಯಲ್ಲಿ ಹುಡುಕುತ್ತಾರೆ. ಭಾವನದ್ದು ಇಂಗ್ಲಿಷಿನಲ್ಲಿ fraud, ಮಲಯಾಳದವರು ಟೈಪ್ ಮಾಡುವಾಗ thattippu, ಕನ್ನಡದಲ್ಲಿ ವಂಚನೆ. ಒಂದು ಹೋದರೆ ಇನ್ನೊಂದು ಹೋಗುತ್ತದೆ ಎಂದು ನಂಬಿ ಕೂರಬೇಡಿ, ಒಂದೊಂದಕ್ಕೂ ಬೇರೆ ಬೇರೆ ದೂರು ಕೊಡಿ. ಹೆಸರಿನ ಕಾಗುಣಿತ ಎರಡು ಬಗೆ ಇದ್ದರೆ ಅದಕ್ಕೂ. ಬಿಂಗ್‌ಗೆ ಬೇರೆಯೇ ಕೊಡಬೇಕು.

ಇಷ್ಟಾದರೂ ಹೋಗುವುದು ಸಲಹೆ ಮಾತ್ರ. ಪುಟಗಳು ಅಲ್ಲೇ ಇರುತ್ತವೆ, ಪೂರ್ತಿ ಟೈಪ್ ಮಾಡಿದವರಿಗೆ ಸಿಗುತ್ತವೆ. ಭಾವನ ಇಂಗ್ಲಿಷ್ ಮತ್ತು ಮಲಯಾಳದ್ದು ಹೋಗಿದೆ, ಕನ್ನಡದ್ದು ಇನ್ನೂ ಇದೆ. ಏಜೆನ್ಸಿ ಹಾಕಿಸಿದ ಲೇಖನಗಳನ್ನು ತೆಗೆಸಲು ಈಗ ನಾನು ಆ ಸೈಟ್‌ಗಳಿಗೆ ಮೇಲ್ ಬರೆಯುತ್ತಿದ್ದೇನೆ. ನಿಮ್ಮಿಂದಲೂ ಯಾರಾದರೂ ಹೀಗೆ ದುಡ್ಡು ಹೊಡೆದಿದ್ದರೆ ಯುಪಿಐ ರಸೀದಿ, ಚಾಟ್ ಎಲ್ಲ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಒಳ್ಳೆಯದು.