ಯೋಗ ಕ್ಲಾಸ್‌ಗೆ ನಾಲ್ಕು ವಾರದ ಪೋಸ್ಟ್ ಪಟ್ಟಿ: ಮೂರರಲ್ಲಿ ನನಗೆ ಒಗ್ಗಿದ್ದು

ನಮ್ಮದು ಸಣ್ಣ ಯೋಗ ಸ್ಟುಡಿಯೋ. ಪಾಠ ಹೇಳುವುದೂ ನಾನೇ, ಪೋಸ್ಟ್ ಹಾಕುವುದೂ ನಾನೇ. ತಿಂಗಳ ಪೋಸ್ಟ್‌ಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಮೂರು ಬಗೆಯ ಕ್ಯಾಲೆಂಡರ್ ಬಳಸಿ ನೋಡಿದೆ. ಮೊದಲನೆಯದು ದುಡ್ಡು ಕೊಟ್ಟು ತಂದ ರೆಡಿಮೇಡ್ ಟೆಂಪ್ಲೇಟ್, ಅದರಲ್ಲಿ ದಿನಕ್ಕೊಂದು ಪೋಸ್ಟ್. ಎರಡನೆಯದರಲ್ಲಿ ಎರಡು ವಾರ ಬರೀ ಮಾಹಿತಿ, ಒಂದು ವಾರ ಅನುಭವಗಳು, ಕೊನೆಯ ವಾರ ಪೂರ್ತಿ ಆಫರ್. ಮೂರನೆಯದು ವಾರಕ್ಕೊಂದೇ ವಿಷಯ ಹಿಡಿದು ಮೂರು ಪೋಸ್ಟ್ ಹಾಕುವುದು. ನಾನು ಉಳಿಸಿಕೊಂಡಿದ್ದು ಈ ಮೂರನೆಯದನ್ನೇ.

ಟೆಂಪ್ಲೇಟ್ ನೋಡಲು ಚೆಂದ. ಆದರೆ ಅದರಲ್ಲಿ ಪ್ರತಿ ಮಂಗಳವಾರ ‘ಸದಸ್ಯರ ಅನುಭವ’ ಎಂಬ ಖಾಲಿ ಚೌಕವಿರುತ್ತದೆ. ನನಗೆ ಸಾಕುಬೇಕಾಗಿಸಿದ್ದು ಆ ಚೌಕವೇ. ಮಾಹಿತಿಯನ್ನು ಕೂತು ಬರೆಯಬಹುದು, ಆಫರ್ ನಮ್ಮ ಕೈಯಲ್ಲೇ ಇದೆ. ಇನ್ನೊಬ್ಬರ ಅನುಭವ ಮಾತ್ರ ವಾರ ನೋಡಿಕೊಂಡು ಬರುವುದಿಲ್ಲ. ಕೇಳಬೇಕು, ಅವರು ಯೋಚಿಸಬೇಕು, ಮನೆಯವರನ್ನು ಕೇಳಿ ಒಪ್ಪಬೇಕು, ಫೋಟೋ ಬೇಡ ಎಂದರೆ ಬಿಡಬೇಕು. ಸೋಮವಾರ ರಾತ್ರಿ ಅವಸರದಲ್ಲಿ ಕೇಳಿದರೆ ‘ತುಂಬಾ ಚೆನ್ನಾಗಿದೆ ಮೇಡಂ’ ಎಂಬ ಒಂದು ಸಾಲು ಬರುತ್ತದೆ. ಅದನ್ನು ಓದಿ ಯಾರೂ ಕ್ಲಾಸ್‌ಗೆ ಸೇರುವುದಿಲ್ಲ.

ಅವಸರಕ್ಕೆ ಇನ್ನೊಂದು ಅಪಾಯವೂ ಇದೆ. ಸದಸ್ಯರು ಪ್ರೀತಿಯಿಂದ ‘ಡಿಸ್ಕ್ ತೊಂದರೆ ಯೋಗದಿಂದಲೇ ವಾಸಿಯಾಯಿತು’ ಎಂದು ಬರೆದುಬಿಡುತ್ತಾರೆ. ಅದೇ ಹೊತ್ತಿನಲ್ಲಿ ಅವರು ಡಾಕ್ಟರ ಔಷಧವನ್ನೂ ಫಿಸಿಯೋಥೆರಪಿಯನ್ನೂ ತೆಗೆದುಕೊಂಡಿರುತ್ತಾರೆ. ಆ ಮಾತನ್ನು ಹಾಗೇ ಹಾಕಿದರೆ, ಅದೇ ತೊಂದರೆ ಇರುವ ಇನ್ನೊಬ್ಬರು ಯಾರನ್ನೂ ಕೇಳದೆ ಮನೆಯಲ್ಲೇ ಮುಂದಕ್ಕೆ ಬಾಗಲು ಹೋಗಿ ನೋವು ಹೆಚ್ಚಿಸಿಕೊಳ್ಳಬಹುದು.

ಈಗ ನಾನು ಅನುಭವಗಳನ್ನು ಕ್ಯಾಲೆಂಡರ್‌ನ ಹೊರಗೇ ಕೂಡಿಡುತ್ತೇನೆ. ಕ್ಲಾಸ್ ಮುಗಿದು ಮ್ಯಾಟ್ ಸುತ್ತುವಾಗ ಮೂರೇ ಪ್ರಶ್ನೆ: ಬರುವ ಮೊದಲು ಯಾವ ಕೆಲಸ ಕಷ್ಟವಾಗಿತ್ತು? ಮೊದಲ ದಿನ ಏನು ಅಳುಕಿತ್ತು? ಈಗ ಏನು ಮಾಡುತ್ತೀರಿ? ‘ನೆಲದ ಮೇಲೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು, ಈಗ ನಾನೇ ಏಳುತ್ತೇನೆ’ ಎಂದರೆ ಸಾಕು, ರೋಗದ ಹೆಸರೇ ಬೇಡ. ಬರೆದ ಮೇಲೆ ಪೂರ್ತಿ ಪೋಸ್ಟನ್ನು ಅವರಿಗೇ ಕಳಿಸಿ, ಹೆಸರು, ಫೋಟೋ, ಮಾತು ಮೂರಕ್ಕೂ ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯುತ್ತೇನೆ. ಎರಡಾದರೂ ಅನುಭವ ಕೈಯಲ್ಲಿಲ್ಲದೆ ಹೊಸ ತಿಂಗಳ ಪಟ್ಟಿ ಶುರುಮಾಡುವುದಿಲ್ಲ.

ಎರಡನೆಯ ಬಗೆ ಬರೆಯಲು ಸುಲಭ. ಆದರೆ ಆಫರ್ ವಾರದಲ್ಲಿ ಮೊದಲ ಸಲ ನಮ್ಮ ಪೇಜ್ ನೋಡಿದವರಿಗೆ ಬರೀ ಶುಲ್ಕದ ಮಾತೇ ಕಾಣುತ್ತದೆ.

ಮೂರನೆಯದು ನಡೆಯುವುದು ಹೀಗೆ. ಐದನೆಯ ವಾರದ ಸೋಮವಾರ ಹೊಸಬರ ಬ್ಯಾಚ್ ಶುರು ಎಂದಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ವಾರಕ್ಕೆ ಮೂರರಂತೆ ಒಟ್ಟು 12 ಪೋಸ್ಟ್: ಮಾಹಿತಿ 6, ಅನುಭವ 4, ಆಫರ್ 2. ಮೊದಲೆರಡು ವಾರ ಎರಡು ಮಾಹಿತಿ, ಒಂದು ಅನುಭವ. ಕೊನೆಯ ಎರಡು ವಾರ ಮೂರೂ ಒಂದೊಂದು.

ಮೂರನೆಯ ವಾರದ ವಿಷಯ ‘ದಿನವಿಡೀ ಕುರ್ಚಿಯಲ್ಲಿ ಕೂರುವವರು’ ಎಂದುಕೊಳ್ಳಿ. ಸೋಮವಾರ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದ ಮಾಹಿತಿ: ತೊಡೆಯ ಹಿಂಭಾಗ ಬಿಗಿಯಾಗಿದ್ದರೆ ಸೊಂಟದಿಂದ ಬಾಗಲಾಗದೆ ಬೆನ್ನು ಗೂನಾಗುತ್ತದೆ. ಮಡಚಿದ ಕಂಬಳಿಯ ಮೇಲೆ ಕೂತು ಮೊಣಕಾಲು ಸ್ವಲ್ಪ ಮಡಿಸಿದರೆ ಬೆನ್ನು ನೆಟ್ಟಗಾಗುತ್ತದೆ. ಬುಧವಾರ, ಹಾಗೇ ಕಂಬಳಿಯಿಂದ ಶುರುಮಾಡಿದ ಸದಸ್ಯರೊಬ್ಬರ ಮಾತು. ಶುಕ್ರವಾರ ಆಫರ್: ‘ಕಾಲ್ಬೆರಳು ಮುಟ್ಟಲಾಗದವರಿಗೆಂದೇ ಒಂದು ಉಚಿತ ಕ್ಲಾಸ್’. ಸೋಮವಾರ ಓದಿದವರಿಗೆ ಅದು ತಮ್ಮದೇ ಸಮಸ್ಯೆಗೆ ಕರೆದಂತೆ ಕೇಳುತ್ತದೆ, ಮಾರಾಟದ ಮಾತು ಅನ್ನಿಸುವುದಿಲ್ಲ.

ಆಫರ್‌ನಲ್ಲಿ ‘ಇಂದೇ ಕೊನೆ’ ಎಂದು ಪೋಸ್ಟ್ ಹಾಕಬೇಡಿ. ಇನ್‌ಸ್ಟಾಗ್ರಾಂ ಎಲ್ಲರಿಗೂ ಪೋಸ್ಟ್‌ಗಳನ್ನು ಹಾಕಿದ ಕ್ರಮದಲ್ಲೇ ತೋರಿಸುವುದಿಲ್ಲ, ಕೆಲವರಿಗೆ ಅದು ಅವಧಿ ಮುಗಿದ ಮೇಲೆ ಕಾಣುತ್ತದೆ. ಪೋಸ್ಟ್‌ನಲ್ಲಿ ತಾರೀಖನ್ನೇ ಬರೆಯಿರಿ. ಕೊನೆಯ ದಿನದ ನೆನಪೋಲೆಗೆ 24 ಗಂಟೆಯಲ್ಲಿ ಮರೆಯಾಗುವ ಸ್ಟೋರಿ ಅಥವಾ ವಾಟ್ಸಾಪ್ ಸ್ಟೇಟಸ್ ಸರಿ.

ಖರ್ಚು: ಟೆಂಪ್ಲೇಟ್‌ಗೆ ದುಡ್ಡು, ಉಳಿದೆರಡಕ್ಕೆ ಒಂದು ನೋಟ್‌ಬುಕ್.

ಬರೆಯಲು ಬೇರೆ ಜನ ಇದ್ದು ದಿನವೂ ಪೋಸ್ಟ್ ಹಾಕುವ ಸ್ಟುಡಿಯೋ ಆದರೆ ಟೆಂಪ್ಲೇಟ್ ಕೊಳ್ಳಿ, ಆ ಮಂಗಳವಾರದ ಚೌಕವನ್ನು ಮಾತ್ರ ಅಳಿಸಿಬಿಡಿ. ನನಗೆ ಬರೆಯಲು ಸಿಗುವುದು ಭಾನುವಾರ ಮಧ್ಯಾಹ್ನ ಮಾತ್ರ. ಆ ಒಂದೇ ಕೂರುವಿಕೆಯಲ್ಲಿ ಒಂದೇ ವಿಷಯದ ಮೂರು ಪೋಸ್ಟ್ ಮುಗಿಯುತ್ತವೆ, ಆ ವಾರದ ಕ್ಲಾಸ್‌ನಲ್ಲೂ ಅದನ್ನೇ ಮಾಡಿಸುತ್ತೇನೆ.